ಬೇರೆಯಾದವರಿಗೆ ಎರಡು ಸಾಲಿನ ಶುಭಾಶಯ

ವಿಚ್ಛೇದನವಾದ ಮೇಲೂ ಮಕ್ಕಳ ಸಲುವಾಗಿ ಮಾತುಕತೆ ಉಳಿಸಿಕೊಂಡವರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಶಾಲೆಯ ಫೀಸು, ಮಗುವಿನ ಜ್ವರ, ರಜೆಯಲ್ಲಿ ಯಾರ ಮನೆ ಎಂಬ ಮೆಸೇಜುಗಳ ನಡುವೆ ಒಂದು ದಿನ ಅವರ ಹುಟ್ಟುಹಬ್ಬವೂ ಬರುತ್ತದೆ. ಸುಮ್ಮನಿದ್ದರೆ ಮುನಿಸು ಎನಿಸೀತು, ಬರೆದರೆ ಹಳೆಯದನ್ನು ಕೆದಕಿದಂತಾದೀತು.

ಅಂಥ ತಂದೆಯೊಬ್ಬರ ಮೊದಲ ಕರಡು ಹೀಗಿದೆ ಎಂದುಕೊಳ್ಳಿ: “ಹುಟ್ಟುಹಬ್ಬದ ಶುಭಾಶಯ. ಈ ದಿನ ಬಂದರೆ ಹಳೆಯದೆಲ್ಲ ನೆನಪಾಗುತ್ತದೆ. ಎಲ್ಲಿದ್ದರೂ ಚೆನ್ನಾಗಿರು. ನನ್ನಿಂದ ನೋವಾಗಿದ್ದರೆ ಕ್ಷಮಿಸು. ಹೇಗಿದ್ದೀಯ?”

ಇದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ಆದರೂ ಮೊದಲ ವಾಕ್ಯವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಓದಿದವರ ಮೇಲೆ ಹೊರೆ. ನೆನಪಿನ ಮಾತು ಅವರನ್ನೂ ಹಿಂದಕ್ಕೆ ಎಳೆಯುತ್ತದೆ. “ಎಲ್ಲಿದ್ದರೂ” ಎಂಬುದರಲ್ಲಿ ವಿರಹದ ರಾಗವಿದೆ. ಕ್ಷಮೆ ಕೇಳಲೇಬೇಕಾಗಿದ್ದರೆ ಅದಕ್ಕೆ ಬೇರೆ ದಿನ ಬೇಕು; ಹಬ್ಬದ ದಿನ ಕೇಳಿದರೆ ಎದುರಿನವರು ಇಲ್ಲವೆನ್ನಲಾರದೆ ಸಿಕ್ಕಿಬೀಳುತ್ತಾರೆ. “ಹೇಗಿದ್ದೀಯ” ಎಂಬ ಪ್ರಶ್ನೆ ಉತ್ತರವನ್ನು ಬೇಡುತ್ತದೆ. ಇವನ್ನೆಲ್ಲ ತೆಗೆದರೆ ಉಳಿಯುವುದು ಇಷ್ಟು: “ಹುಟ್ಟುಹಬ್ಬದ ಶುಭಾಶಯಗಳು. ಆರೋಗ್ಯ, ನೆಮ್ಮದಿ ಸದಾ ಇರಲಿ.”

ಇಲ್ಲಿ ನೀನು, ನೀವು ಎರಡೂ ಇಲ್ಲದಿರುವುದನ್ನು ಗಮನಿಸಿ. ಹಿಂದಿನ ಏಕವಚನ ಸಲಿಗೆಯಾಗುತ್ತದೆ, ಹೊಸದಾಗಿ ಹಚ್ಚಿದ ಬಹುವಚನ ಚುಚ್ಚಿದಂತೆ ಕೇಳುತ್ತದೆ. ಎರಡನ್ನೂ ಬಿಟ್ಟು ವಾಕ್ಯ ಪೂರ್ಣಗೊಳಿಸಲು ಕನ್ನಡ ಅವಕಾಶ ಕೊಡುತ್ತದೆ. ಮನೆಯೊಳಗಿನ ಮುದ್ದಿನ ಹೆಸರು ಬೇಡ, ಹೃದಯದ ಇಮೋಜಿ ಬೇಡ, ಹಳೆಯ ಫೋಟೊ ಖಂಡಿತ ಬೇಡ.

ಸಮಯವೂ ಅರ್ಥ ಕೊಡುತ್ತದೆ. ರಾತ್ರಿ ಹನ್ನೆರಡಕ್ಕೆ ಕಳುಹಿಸುವುದು ಪ್ರೇಮಿಗಳ ರೂಢಿ. ಬೆಳಿಗ್ಗೆ ಹತ್ತು, ಹನ್ನೊಂದರ ಹೊತ್ತು ಸರಿ. ಕುಟುಂಬದ ಗುಂಪಿನಲ್ಲೋ ಫೇಸ್‌ಬುಕ್ಕಿನಲ್ಲೋ ಹಾಕದೆ ಅವರೊಬ್ಬರಿಗೇ ಕಳುಹಿಸಿ. ಮಗುವಿನ ಶುಭಾಶಯವನ್ನು ಇದರೊಳಗೆ ಸೇರಿಸಬೇಡಿ, ಅದು ಮಗುವಿನದಾಗಿಯೇ ಹೋಗಲಿ. ನೀಲಿ ಟಿಕ್ ಬಂದರೂ ಉತ್ತರ ಬಾರದಿರಬಹುದು. ಆಗ ಇನ್ನೊಂದು ಮೆಸೇಜು ಕಳುಹಿಸಬೇಕೆನಿಸಿದರೆ ಮೊದಲನೆಯದರಲ್ಲೇ ಏನೋ ನಿರೀಕ್ಷೆ ಇತ್ತು ಎಂದರ್ಥ.

ಕೆಲವರಿಗೆ ಈ ಎರಡು ಸಾಲೂ ಸಲ್ಲದು. ಸಂಪರ್ಕ ಬೇಡವೆಂದು ಅವರು ಹೇಳಿದ್ದರೆ ಆ ಮಾತೇ ಕೊನೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶ ಪತ್ರ, ಫೋನು, ಮೆಸೇಜು ಹೀಗೆ ಯಾವ ಬಗೆಯ ಸಂಪರ್ಕವನ್ನೂ ನಿಷೇಧಿಸಬಹುದು. ಅದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅಂಥ ಆದೇಶ ಇದ್ದಲ್ಲಿ ಶುಭಾಶಯವನ್ನೂ ಕಳುಹಿಸಬೇಡಿ.