ಗಲ್ಲಾದ ದುಡ್ಡು ಯಾರದು?

ತಿಪಟೂರಿನ ಸುತ್ತಿನ ತೆಂಗಿನ ಸೀಮೆಯ ಒಂದು ಹಳ್ಳಿ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಬಂದ ಹೆಣ್ಣುಮಗಳೊಬ್ಬಳು ಪಿಎಫ್ ಹಣ, ಕೂಡಿಟ್ಟ ಹಣ ಎರಡನ್ನೂ ಸೇರಿಸಿ 2 ಲಕ್ಷ ರೂಪಾಯಿಯಲ್ಲಿ ದಿನಸಿ ಅಂಗಡಿ ಇಟ್ಟಳು. ಮಳಿಗೆಯ ಮುಂಗಡಕ್ಕೆ, ರ್‍ಯಾಕು ತಕ್ಕಡಿಗೆ 65 ಸಾವಿರ ಹೋಯಿತು. ಉಳಿದ 1 ಲಕ್ಷ 35 ಸಾವಿರಕ್ಕೆ ಸಾಮಾನು ತುಂಬಿಸಿದಳು.

ವ್ಯಾಪಾರ ಚೆನ್ನಾಗಿಯೇ ಕುದುರಿತು. ದಿನಕ್ಕೆ ಸರಾಸರಿ 5 ಸಾವಿರ. ಆದರೆ ಐದಾರು ತಿಂಗಳು ಕಳೆಯುವ ಹೊತ್ತಿಗೆ ಗಿರಾಕಿಗಳಿಗೆ ಒಂದೇ ಉತ್ತರ ಹೇಳುವಂತಾಯಿತು: "ಖಾಲಿಯಾಗಿದೆ ಅಕ್ಕ, ನಾಳೆ ಬರುತ್ತೆ." ಬೇಳೆ ಇದ್ದರೆ ಎಣ್ಣೆ ಇಲ್ಲ, ಎಣ್ಣೆ ಇದ್ದರೆ ರವೆ ಇಲ್ಲ. ಹಿಂದೆ ಬರಿದಾದ ರ್‍ಯಾಕು ಕಾಣದಿರಲಿ ಎಂದು ಬಿಸ್ಕತ್ತು, ಸೋಪಿನ ಪೊಟ್ಟಣಗಳನ್ನು ಬೆಳಗ್ಗೆ ಎದ್ದು ಅಂಚಿಗೆ ಎಳೆದು ಜೋಡಿಸುತ್ತಿದ್ದಳು. ಹೊಸ ಅಂಗಡಿಗೆ ಕಷ್ಟ ಬಂದಿದೆ ಎಂಬುದು ಮೊದಲು ತೋರುವುದೇ ಇಲ್ಲಿ. ವ್ಯಾಪಾರ ಬಿದ್ದಿರುವುದಿಲ್ಲ, ಮಾಲು ಕರಗಿರುತ್ತದೆ.

ಅಂಗಡಿ ಮುಚ್ಚಿಬಿಡುವುದೆಂದು ಅವಳು ಮನಸ್ಸು ಮಾಡಿದ್ದಳು. ಮಂಡಿಯ ಹಿರಿಯರೊಬ್ಬರು, "ಮುಚ್ಚೋದು ಇದ್ದೇ ಇದೆ ಕಣಮ್ಮ. ಅದಕ್ಕೆ ಮೊದಲು ಒಂದು ದಿನ ಕೂತು ಮಾಲು ಎಣಿಸು" ಅಂದರು. ಅಮಾವಾಸ್ಯೆಯ ದಿನ ಅರ್ಧ ಬಾಗಿಲು ಹಾಕಿಕೊಂಡು, ಒಂದೊಂದು ಪೊಟ್ಟಣವನ್ನೂ ಎಣಿಸಿ ಕೊಂಡ ಬೆಲೆಯಲ್ಲೇ ಬರೆದಳು. ಮಾಲು 56 ಸಾವಿರದ್ದು, ಗಲ್ಲಾದಲ್ಲಿ 5 ಸಾವಿರ. ಹಾಕಿದ ಬಂಡವಾಳದಲ್ಲಿ 74 ಸಾವಿರ ಕಾಣೆ.

ಎಲ್ಲಿ ಹೋಯಿತು? ಉದ್ರಿ ಪುಸ್ತಕ ಕೂಡಿದರೆ 41 ಸಾವಿರ. ಇನ್ನು 33 ಸಾವಿರದ ಲೆಕ್ಕ ಬೇಕು. ಅವಳ ಅಂಗಡಿಯಲ್ಲಿ ಸಕ್ಕರೆ, ಎಣ್ಣೆಗೆ ಲಾಭ ತೀರಾ ಕಡಿಮೆ, ಬಿಡಿ ಬೇಳೆ, ಸಾಂಬಾರ ಪದಾರ್ಥಕ್ಕೆ ತುಸು ಹೆಚ್ಚು. ಎಲ್ಲ ಸೇರಿ ನೂರಕ್ಕೆ ಹತ್ತು ಸಿಗುತ್ತಿತ್ತು. ತಿಂಗಳ ಒಂದೂವರೆ ಲಕ್ಷ ವ್ಯಾಪಾರಕ್ಕೆ 15 ಸಾವಿರ. ಅದರಲ್ಲಿ ಬಾಡಿಗೆ, ಕರೆಂಟು, ಲಗೇಜ್ ಆಟೋಗೆ 4,500 ಕಳೆದರೆ ಉಳಿಯುವುದು 10,500. ಆದರೆ ಮಕ್ಕಳ ಫೀಸು, ಹಬ್ಬ, ಮದುವೆಯ ಮುಯ್ಯಿ, ಮನೆಗೆ ಒಯ್ದ ಅಕ್ಕಿ ಬೇಳೆ ಅಂತ ಗಲ್ಲಾದಿಂದ ತಿಂಗಳಿಗೆ 16 ಸಾವಿರ ಹೋಗುತ್ತಿತ್ತು. ಹೆಚ್ಚಿಗೆ ತೆಗೆದ 5,500 ಆರು ತಿಂಗಳಿಗೆ 33 ಸಾವಿರ. ಲೆಕ್ಕ ಸರಿಹೋಯಿತು.

ಆ ದಿನ ಅವಳಿಗೆ ಗೊತ್ತಾದ ದೊಡ್ಡ ಸಂಗತಿಯೆಂದರೆ ಅಂಗಡಿ ನಷ್ಟದಲ್ಲಿರಲಿಲ್ಲ. ಆರು ತಿಂಗಳಲ್ಲಿ 63 ಸಾವಿರ ದುಡಿದುಕೊಟ್ಟಿತ್ತು. ಸಂಜೆ ಗಲ್ಲಾದಲ್ಲಿ ಕಾಣುವ 5 ಸಾವಿರದಲ್ಲಿ 4,500 ನಾಳೆಯ ಮಾಲಿನದ್ದು. ತನ್ನದು ಖರ್ಚು ಕಳೆದು 350 ಅಷ್ಟೇ.

ಮರುದಿನದಿಂದ ಮನೆಗೆ ದಿನಕ್ಕೆ 300 ಮಾತ್ರ, ಉಳಿದದ್ದು ಗಂಡನ ಕೂಲಿಯಲ್ಲಿ. ಮನೆಗೆ ಒಯ್ದ ಸೋಪನ್ನೂ ಆ 300ರಲ್ಲೇ ಬರೆದಳು. ಇದು ಕಷ್ಟ, ಮಗುವಿನ ಕೈಗೆ ಚಾಕೊಲೇಟು ಕೊಟ್ಟು ಬರೆದಿಡುವುದಕ್ಕೆ ಗಟ್ಟಿ ಮನಸ್ಸು ಬೇಕು.

ಉದ್ರಿಯ ವಿಚಾರದಲ್ಲಿ ಅವಳು ಮಾಡಿದ್ದು ನನಗೆ ಇನ್ನೂ ಹೆಚ್ಚು ಹಿಡಿಸಿತು. 'ಇಂದು ನಗದು, ನಾಳೆ ಉದ್ರಿ' ಬೋರ್ಡು ತೂಗುಹಾಕಲಿಲ್ಲ. ಹಳ್ಳಿಯಲ್ಲಿ ಉದ್ರಿ ನಿಲ್ಲಿಸಿದರೆ ಗಿರಾಕಿಯೂ ನಿಲ್ಲುತ್ತಾರೆ. ಅದರ ಬದಲು ಯಾರ ಮನೆಗೆ ದುಡ್ಡು ಯಾವಾಗ ಬರುತ್ತದೆ ಎಂದು ಬರೆದುಕೊಂಡಳು. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆಯಿಂದ ಬಟವಾಡೆಗೆ ಲೆಕ್ಕ, ಒಂದು ಬಟವಾಡೆಯ ಅರ್ಧದಷ್ಟೇ ಉದ್ರಿ. ಕೂಲಿಯವರಿಗೆ ವಾರಕ್ಕೆ. ಕೊಬ್ಬರಿಯವರ ಕತೆ ಬೇರೆ. ಕಾಯಿ ಅಟ್ಟಕ್ಕೆ ಏರಿಸಿದರೆ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಬೇಕು, ಆಮೇಲೂ ಬೆಲೆಗೆ ಕಾಯುತ್ತಾರೆ. ಅಷ್ಟು ದಿನ ಸಣ್ಣ ಅಂಗಡಿ ತಡೆಯದು. ಅವರಿಗೆ, "ಅಣ್ಣ, ಹಳೇ ಬಾಕಿ ಕೊಬ್ಬರಿ ಮಾರಿದಾಗ ಕೊಡಿ, ಹೊಸದಕ್ಕೆ ನಗದು ಕೊಡಿ" ಎಂದಳು. ಪ್ರತಿ ಮನೆಗೂ ಒಂದು ಚಿಕ್ಕ ಪುಸ್ತಕ ಕೊಟ್ಟಳು. ಎರಡು ಕಡೆ ಬರೆದ ಮೇಲೆ ತಕರಾರು ತಗ್ಗಿತು. ಇಬ್ಬರು ಮುನಿಸಿಕೊಂಡು ಬೇರೆ ಅಂಗಡಿಗೆ ಹೋದರು. ಅವರ ಬಾಕಿ 4 ಸಾವಿರ ಇನ್ನೂ ಬಂದಿಲ್ಲ, ಬರುವ ಹಾಗೂ ಇಲ್ಲ.

ವರ್ಷ ತುಂಬಿದ ದಿನ ಮತ್ತೆ ಎಣಿಸಿದಳು. ಉದ್ರಿ 17 ಸಾವಿರಕ್ಕೆ ಇಳಿದಿತ್ತು. ಮಾಲು, ನಗದು ಸೇರಿ 94 ಸಾವಿರಕ್ಕೆ ಏರಿತ್ತು. ಮೊದಲ ದಿನದ 1 ಲಕ್ಷ 35 ಸಾವಿರ ಇನ್ನೂ ಮುಟ್ಟಿಲ್ಲ. ಮುಟ್ಟಲು ಮತ್ತೊಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಬಹುದು. ಆದರೆ ಅಂಗಡಿ ನಿಂತಿದೆ.

ನೀವೂ ಈ ವರ್ಷ ಅಂಗಡಿ ಇಟ್ಟವರಾದರೆ, ಬಾಗಿಲು ಹಾಕುವ ಯೋಚನೆ ಬಂದಿದ್ದರೆ, ಬರುವ ಅಮಾವಾಸ್ಯೆಗೆ ಒಮ್ಮೆ ಮಾಲು ಎಣಿಸಿ, ಉದ್ರಿ ಕೂಡಿ, ಮನೆಗೆ ಒಯ್ದದ್ದನ್ನು ಬರೆಯಿರಿ. ಆಮೇಲೆ ತೀರ್ಮಾನ ಮಾಡಿ.