ಏಕವಚನ ಯಾರ ಪಾಲಿಗೆ? ತೂ, ತುಮ್, ಆಪ್ ಮತ್ತು ನಮ್ಮ ನೀನು, ನೀವು

ಕನ್ನಡದಲ್ಲಿ ವ್ಯಾಕರಣದ ಒಂದು ಪಾರಿಭಾಷಿಕ ಪದ ಜಗಳದ ಮಾತಾಗಿ ಬಳಕೆಯಾಗುತ್ತದೆ. 'ನನಗೆ ಏಕವಚನದಾಗ ಮಾತಾಡಿದ' ಅಂತ ಒಬ್ಬ ಹೇಳಿದರೆ, ಅವನು ವ್ಯಾಕರಣ ಹೇಳುತ್ತಿಲ್ಲ, ಅವಮಾನ ಹೇಳುತ್ತಿದ್ದಾನೆ. ಏಕವಚನ ಯಾರಿಗೆ ಸಲ್ಲುತ್ತದೆ, ಬಹುವಚನ ಯಾರಿಗೆ ಸಲ್ಲುತ್ತದೆ ಎಂಬುದನ್ನು ನಮ್ಮ ಊರುಗಳಲ್ಲಿ ವಯಸ್ಸು ತೀರ್ಮಾನಿಸುವುದಕ್ಕಿಂತ ಮೊದಲೇ ಜಾತಿ ತೀರ್ಮಾನಿಸಿಟ್ಟಿರುತ್ತದೆ. ನಾನು ಹುಟ್ಟಿ ಬೆಳೆದ ಗಬ್ಬೂರಿನ ಕಡೆ, ಅರವತ್ತು ದಾಟಿದ ಕೇರಿಯ ಮುದುಕನಿಗೆ ಊರೊಳಗಿನ ಶಾಲೆಯ ಹುಡುಗ 'ಬಾ ಇಲ್ಲಿ' ಅಂದದ್ದನ್ನೂ, ಆ ಮುದುಕ 'ಬಂದೆರಿ ಧಣಿ' ಅಂದದ್ದನ್ನೂ ಕೇಳದವರು ಕಡಿಮೆ. ಹೀಗಿರುವಾಗ ಹಿಂದಿಯ ದಲಿತ ಬರಹವನ್ನು ಕನ್ನಡಕ್ಕೆ ತರುವವರು ಪ್ರತಿ ಸಂಭಾಷಣೆಯಲ್ಲೂ ನೀನು ಹಾಕಬೇಕೋ ನೀವು ಹಾಕಬೇಕೋ ಎಂದು ನಿರ್ಧರಿಸುವುದು ಬರೀ ಭಾಷೆಯ ನಯದ ಪ್ರಶ್ನೆಯಲ್ಲ.

ಮೊದಲು ಲೆಕ್ಕ ನೋಡೋಣ. ಎದುರಿಗಿರುವವರನ್ನು ಕರೆಯಲು ಹಿಂದಿಯಲ್ಲಿ ಮೂರು ಪದಗಳಿವೆ: ತೂ, ತುಮ್, ಆಪ್. ಕನ್ನಡದ ದಿನಬಳಕೆಯಲ್ಲಿ ಎರಡು: ನೀನು, ನೀವು. 'ತಾವು' ಇದೆ, ಆದರೆ ಅದು ಅರ್ಜಿ, ಭಾಷಣಗಳ ಮಾತು. ಹಿಂದಿಯಲ್ಲಿ ಎಷ್ಟೋ ಸಲ ಈ ಸರ್ವನಾಮ ಬಾಯಿಗೆ ಬರುವುದೇ ಇಲ್ಲ. ಆಗ ಕ್ರಿಯಾಪದದ ಬಾಲ ನೋಡಬೇಕು. 'ಬಾ' ಎನ್ನುವುದಕ್ಕೆ ತೂ ಇದ್ದರೆ 'ಆ', ತುಮ್ ಇದ್ದರೆ 'ಆಓ', ಆಪ್ ಇದ್ದರೆ 'ಆಇಯೇ'. ಇರುವಿಕೆಯ ಕ್ರಿಯಾಪದ ತೂ ಜೊತೆ 'ಹೈ', ತುಮ್ ಜೊತೆ 'ಹೋ', ಆಪ್ ಜೊತೆ 'ಹೈಂ'. 'ಆನಾ', 'ದೇನಾ' ಥರದ ರೂಪವನ್ನು ಅಪ್ಪಣೆಯಾಗಿ ಬಳಸಿದರೆ ಮಾತ್ರ ಅದು ತೂ ಇರಬಹುದು, ತುಮ್ ಇರಬಹುದು, ಬಾಲದಿಂದ ಗೊತ್ತಾಗುವುದಿಲ್ಲ. ಈ ತೊಡಕನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಾಮಾನ್ಯವಾಗಿ ಹೇಳಿಕೊಡುವ ಸೂತ್ರ ಸರಳವಾಗಿದೆ. ತೂ ಮತ್ತು ತುಮ್ ಬಂದರೆ ನೀನು, ಆಪ್ ಬಂದರೆ ನೀವು. ಗೆಳೆಯರ ಹರಟೆಗೆ, ಮೇಷ್ಟ್ರು-ವಿದ್ಯಾರ್ಥಿಯ ಮಾತಿಗೆ ಇದು ಸಾಲುತ್ತದೆ. ಎಡವುವುದು ತುಮ್ ಹತ್ತಿರ. ತುಮ್ ಸರೀಕರ ನಡುವೆ ಓಡಾಡುತ್ತದೆ, ಮೇಲಿನವನು ಕೆಳಗಿನವನಿಗೆ ಅನ್ನುತ್ತಾನೆ, ಹಳ್ಳಿಗಳಲ್ಲಿ 'ಜೀ' ಸೇರಿಸಿಕೊಂಡು ಕೆಳಗಿನವರು ಮೇಲಿನವರಿಗೂ ಅನ್ನುತ್ತಾರೆ. ಪದ ಒಂದೇ, ದಿಕ್ಕು ಮೂರು. ರಾಯಚೂರು ಸೀಮೆಯ ನಮಗೆ ಇನ್ನೊಂದು ಅಡ್ಡಿ ಉಂಟು. ನಮ್ಮ ಕಿವಿಗೆ ಹಿಂದಿಗಿಂತ ಮೊದಲು ಬಿದ್ದದ್ದು ದಖನಿ ಉರ್ದು. ಅದರಲ್ಲಿ ಹಿರಿಯರಿಗೂ ಸಲೀಸಾಗಿ ತುಮ್ ಅನ್ನೋದುಂಟು. ಆ ಕಿವಿಯಿಂದಲೇ ಉತ್ತರಪ್ರದೇಶದ ಸಂಭಾಷಣೆ ಓದಿದರೆ ತುಮ್‍ನ ಭಾರ ತಪ್ಪಾಗಿ ತೂಗುತ್ತದೆ.

ಹಾಗಾದರೆ ಯಾವುದನ್ನು ಹಿಡಿಯಬೇಕು? ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು 1960ರಲ್ಲಿ ಯುರೋಪಿನ ಭಾಷೆಗಳ ನೀನು-ನೀವುಗಳನ್ನು ಕುರಿತು ಬರೆದ ಪ್ರಬಂಧ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರ ಮಾತಿನ ಸಾರ ಇಷ್ಟು: ಒಬ್ಬ ಏನಂದ ಎಂಬುದನ್ನಷ್ಟೇ ನೋಡಬೇಡಿ, ಅವನಿಗೆ ತಿರುಗಿ ಏನು ಬಂತು ಎಂಬುದನ್ನೂ ನೋಡಿ. ನೀನುಗೆ ನೀನು ಬಂದರೆ ಅದು ಸಲಿಗೆ. ನೀನುಗೆ ನೀವು ಬಂದರೆ ಅದು ಅಧಿಕಾರ. ಈ ಮಾತನ್ನು ನಮ್ಮ ಕೇರಿಯ ಯಾವ ಅಜ್ಜಿಯಾದರೂ ಪ್ರಬಂಧ ಓದದೆಯೇ ಹೇಳಿಯಾಳು. ಆದ್ದರಿಂದ ಅನುವಾದಕ್ಕೆ ಕೂರುವ ಮೊದಲು ನಾನು ಒಂದು ಹಾಳೆಯಲ್ಲಿ ಜೋಡಿಗಳನ್ನು ಬರೆದುಕೊಳ್ಳುತ್ತೇನೆ: ಯಾರು ಯಾರಿಗೆ ಏನನ್ನುತ್ತಾರೆ, ತಿರುಗಿ ಏನು ಬರುತ್ತದೆ, ಯಾವ ವಾಕ್ಯದಲ್ಲಿ ಅದು ಬದಲಾಗುತ್ತದೆ. ಈ ಮೂರನೆಯ ಕಲಮೇ ಮುಖ್ಯ.

ಒಂದು ನಿಜವಾದ ಪ್ರಸಂಗ ತೆಗೆದುಕೊಳ್ಳೋಣ. ಓಂಪ್ರಕಾಶ್ ವಾಲ್ಮೀಕಿಯವರ (1950-2013) ಆತ್ಮಕಥೆ 'ಜೂಠನ್' 1997ರಲ್ಲಿ ಬಂತು. ಹೆಸರಿನ ಅರ್ಥ ಎಂಜಲು. ಮುಜಫ್ಫರನಗರ ಜಿಲ್ಲೆಯ ಬರ್ಲಾ ಎಂಬ ಹಳ್ಳಿಯಲ್ಲಿ ತ್ಯಾಗಿಗಳ ಮನೆಯ ಮದುವೆ. ಲೇಖಕರ ತಾಯಿ ದಿನಗಟ್ಟಲೆ ದುಡಿದು, ಬೀಗರು ಉಂಡುಬಿಟ್ಟ ಎಂಜಲನ್ನು ಬುಟ್ಟಿಗೆ ತುಂಬಿಕೊಂಡು ಬಾಗಿಲ ಹೊರಗೆ ಕೂತಿದ್ದಾಳೆ. ಎಲ್ಲರ ಊಟ ಮುಗಿದ ಮೇಲೆ, ಮಕ್ಕಳಿಗೆ ಒಂದು ಎಲೆಯಲ್ಲಿ ಏನಾದರೂ ಹಾಕಿಕೊಡಿ ಎಂದು ಯಜಮಾನನನ್ನು ಕೇಳುತ್ತಾಳೆ. ಅವನು ಎಂಜಲ ಬುಟ್ಟಿ ತೋರಿಸಿ, ಜಾತಿಯ ಹೆಸರನ್ನೇ ಬೈಗುಳ ಮಾಡಿ, ನಿನ್ನ ಯೋಗ್ಯತೆ ಅರಿತು ಇರು ಎನ್ನುತ್ತಾನೆ. ಆಕೆ ಬುಟ್ಟಿಯನ್ನು ಅಲ್ಲೇ ಸುರುವಿ, ಇದನ್ನು ನಿನ್ನ ಮನೆಯಲ್ಲೇ ಇಟ್ಟುಕೋ ಎಂಬಂತೆ ಎದುರುತ್ತರ ಕೊಟ್ಟು ಹೊರಡುತ್ತಾಳೆ. ಅಲ್ಲಿಂದಾಚೆಗೆ ಆ ಮನೆಯ ಬಾಗಿಲಿಗೆ ಹೋಗುವುದೂ ಎಂಜಲು ತರುವುದೂ ನಿಂತವು.

ಈಗ ಮೂಲದ ಬಾಲಗಳನ್ನು ನೋಡಿ. ತಾಯಿ ಮೊದಲು ಕೇಳುವಾಗ 'ಜೀ' ಇದೆ, ಕೊಡುವ ಕ್ರಿಯಾಪದ 'ದೋ' ಎಂದು ಮುಗಿಯುತ್ತದೆ. ಅಂದರೆ ಗೌರವ ಬೆರೆತ ತುಮ್. ಯಜಮಾನನ ಮಾತೆಲ್ಲ ತೂ. ಬುಟ್ಟಿ ಸುರುವಿದ ಮೇಲೆ ತಾಯಿಯ ಕ್ರಿಯಾಪದ 'ಲೇ' ಎಂದು ಮುಗಿಯುತ್ತದೆ. ಅದು ತೂ. ಬುಟ್ಟಿ ನೆಲಕ್ಕೆ ಬಿದ್ದ ಹಾಗೆಯೇ ಯಜಮಾನನ ಬಹುವಚನವೂ ನೆಲಕ್ಕೆ ಬಿತ್ತು. ಅವನು ಏಕವಚನ ಕೊಟ್ಟ, ಆಕೆ ಅದನ್ನು ಅವನ ಅಂಗಳದಲ್ಲೇ ವಾಪಸು ಮಾಡಿದಳು.

ಇದಕ್ಕೆ ಸರಳ ಸೂತ್ರವನ್ನು ಹಚ್ಚಿ ನೋಡಿ. ತುಮ್ ಅಂದರೆ ನೀನು, ತೂ ಅಂದರೂ ನೀನು. ಆಗ ತಾಯಿ ಮೊದಲೂ ನೀನು ಅನ್ನುತ್ತಾಳೆ, ಕೊನೆಗೂ ನೀನು ಅನ್ನುತ್ತಾಳೆ. ಏನೂ ಬದಲಾಗಲಿಲ್ಲ. 'ಬಡ ಹೆಣ್ಣುಮಗಳು ಧಣಿಗೆ ಹಾಗೆ ಅಂದಾಳೆಯೇ' ಎಂದು ಎರಡೂ ಕಡೆ ನೀವು ಹಾಕಿದರೂ ಅಷ್ಟೇ. ಬಂಡಾಯ ಮಾಡಿದವಳನ್ನು ಮತ್ತೆ ವಿನಯಕ್ಕೆ ಕಟ್ಟಿಹಾಕಿದಂತೆ. ಇಲ್ಲಿ ಸರಿಯಾದದ್ದು ಮೊದಲು ನೀವು, ಆಮೇಲೆ ನೀನು. ಮೂಲದಲ್ಲಿ ಆಪ್ ಎಂಬುದು ಒಮ್ಮೆಯೂ ಇಲ್ಲದಿದ್ದರೂ ಮೊದಲ ಮಾತಿಗೆ ನೀವು ಬೇಕೇ ಬೇಕು. ನಮ್ಮ ಕಡೆಯ ಆಡುಮಾತಿನಲ್ಲಾದರೆ ಕೇಳುವಾಗ 'ಕೊಡ್ರಿ', ತಿರುಗಿ ನಿಂತಾಗ 'ಇಟ್ಕೋ'. 'ರಿ' ಎಂಬ ಒಂದಕ್ಷರ ಕಳಚಿದರೆ ಸಾಕು, ಕೇಳಿದವನಿಗೆ ತಟ್ಟುತ್ತದೆ. ಆಮೇಲಿನ ವಾಕ್ಯದಲ್ಲಿ ಮೂಲದ ಕ್ರಿಯಾಪದ ನಾನು ಮೊದಲೇ ಹೇಳಿದ 'ದೇನಾ' ಮಾದರಿಯದು, ಮಟ್ಟ ತೋರಿಸುವುದಿಲ್ಲ. ಕನ್ನಡದಲ್ಲಿ ಅಡಗಿಸಿಡಲು ಬರುವುದಿಲ್ಲ, ಏನಾದರೂ ಒಂದನ್ನು ಆರಿಸಲೇಬೇಕು. ಆಗ ಹಿಂದಿನ ವಾಕ್ಯವೇ ಸಾಕ್ಷಿ: ಆಕೆ ಮರಳಿ ಬಹುವಚನಕ್ಕೆ ಹೋಗಿಲ್ಲ, ನಾವೂ ಹೋಗಬಾರದು.

ಒಂದು ಆಕ್ಷೇಪಣೆ ಬರಬಹುದು. ಪಶ್ಚಿಮ ಉತ್ತರಪ್ರದೇಶದ ಆಡುನುಡಿಯಲ್ಲಿ ತೂ ಬಹಳ ಸಾಮಾನ್ಯ, ಅದಕ್ಕೆ ಅಷ್ಟು ಅರ್ಥ ಕಟ್ಟಬಹುದೇ? ಆಕ್ಷೇಪಣೆ ನ್ಯಾಯವಾದದ್ದೇ. ತೂ ಒಂಟಿಯಾಗಿ ಬಂದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಅದೇ ಹೆಂಗಸು, ಅದೇ ಗಂಡಸಿಗೆ, ಕ್ಷಣದ ಹಿಂದೆ ಬೇರೆ ಬಾಲ ಬಳಸಿದ್ದಾಳೆ. ಆಡುನುಡಿಯ ರೂಢಿ ಇಡೀ ಊರಿಗೆ ಸೇರಿದ್ದು, ಬದಲಾವಣೆ ಆಕೆಗೆ ಸೇರಿದ್ದು.

ಇನ್ನು ಮೂರನ್ನು ಎರಡಕ್ಕೆ ಇಳಿಸುವಾಗ ಉಳಿಯುವ ಬಾಕಿಯನ್ನು ಎಲ್ಲಿಡುವುದು? ನಮ್ಮ ಮಾತು ಅದಕ್ಕೆ ಜಾಗ ಮಾಡಿಕೊಟ್ಟಿದೆ. 'ಬಾ', 'ಬಾರಪಾ', 'ಬಾರಲೇ' ಮೂರೂ ಏಕವಚನವೇ. ಆದರೆ 'ಅಪ್ಪಾ', 'ತಮ್ಮಾ', 'ಯವ್ವಾ' ಸೇರಿದರೆ ತುಮ್‍ನ ಮೆದುತನ ಬರುತ್ತದೆ, 'ಲೇ' ಸೇರಿದರೆ ತಿರಸ್ಕಾರದ ತೂ ಆಗುತ್ತದೆ. ಸರ್ವನಾಮದಲ್ಲಿ ಕಳೆದದ್ದನ್ನು ಸಂಬೋಧನೆಯಲ್ಲಿ ಪಡೆಯಬಹುದು. ಮೂಲದಲ್ಲಿ 'ಅಬೇ' ಇದ್ದಲ್ಲಿ 'ಲೇ' ಹಾಕಲು ಹಿಂಜರಿಯಬೇಕಿಲ್ಲ. ಆದರೆ ಆವೇಶದಲ್ಲಿ ಆ ತಾಯಿಯ ಬಾಯಿಗೂ 'ಲೇ' ತುರುಕಬಾರದು. ಆಕೆ ಬೈದಿಲ್ಲ, ಸಮಕ್ಕೆ ನಿಂತಿದ್ದಾಳೆ. ಬರೀ ಏಕವಚನವೇ ಅಲ್ಲಿ ಪೂರ್ತಿ.

ಗಂಡಹೆಂಡಿರ ಮಾತಿನಲ್ಲಿ ಅನುವಾದಕರ ಮನೆಯೇ ಪಠ್ಯದೊಳಗೆ ನುಗ್ಗಿಬಿಡುತ್ತದೆ. ಕೂಲಿ ಮುಗಿಸಿ ಬಂದ ಹೆಂಡತಿ ಗಂಡನಿಗೆ 'ತೂ ಖಾ ಲೇ, ಮೈಂ ಬಾದ್ ಮೇಂ ಖಾಊಂಗೀ' ಅನ್ನುತ್ತಾಳೆ ಎಂದಿಟ್ಟುಕೊಳ್ಳಿ. ಇದನ್ನು 'ನೀವು ಊಟ ಮಾಡಿ, ನಾನು ಆಮೇಲೆ ಮಾಡುತ್ತೇನೆ' ಎಂದು ಬರೆದ ಕೂಡಲೇ ಗುಡಿಸಲು ಮಾಯವಾಗಿ, ಪಟ್ಟಣದ ಮಧ್ಯಮವರ್ಗದ ಅಡುಗೆಮನೆ ಬಂದು ಕೂರುತ್ತದೆ. ನಮ್ಮ ಕೇರಿಯಲ್ಲಿ ಜೊತೆಗೆ ದುಡಿಯುವ ಗಂಡಹೆಂಡಿರು ಪರಸ್ಪರ ನೀನು ಅನ್ನುವುದೇ ಹೆಚ್ಚು: 'ನೀ ಉಣ್ಣು, ನಾ ಆಮ್ಯಾಲ ಉಂತೀನಿ.' ಹಾಗಂತ ಇದನ್ನೇ ಇನ್ನೊಂದು ಸೂತ್ರ ಮಾಡಿಕೊಳ್ಳಬೇಡಿ. ಗಂಡ ತೂ ಅಂದು, ಹೆಂಡತಿ ತುಮ್ ಅಂದರೆ ಮನೆಯೊಳಗೂ ಮೇಲುಕೀಳಿದೆ ಎಂದಾಯಿತು. ಕೇರಿಯ ಮಾನ ಉಳಿಸಲು ಅದನ್ನು ಮುಚ್ಚಿಟ್ಟರೆ ದಲಿತ ಹೆಣ್ಣಿನ ಬಾಯಿಯನ್ನು ಎರಡನೇ ಸಲ ಮುಚ್ಚಿದಂತೆ. ಅಲ್ಲಿ ಆಕೆಗೆ ನೀವು ಕೊಡಬೇಕು, ಓದುವವರಿಗೆ ಅದು ಚುಚ್ಚಬೇಕು.

ಕೊನೆಯದಾಗಿ ನಿರೂಪಕನ ಧ್ವನಿ. ಹಿಂದಿಯ ಭೂತಕಾಲದಲ್ಲಿ 'ನೇ' ಬಂದರೆ ಕ್ರಿಯಾಪದ ಮಾಡಿದವರನ್ನು ಅನುಸರಿಸುವುದಿಲ್ಲ. 'ಮಾಂ ನೇ ಕಹಾ', 'ಚೌಧರಿ ನೇ ಕಹಾ' ಎರಡರಲ್ಲೂ 'ಕಹಾ' ಒಂದೇ. ಕನ್ನಡದಲ್ಲಿ ಆ ತಟಸ್ಥ ಜಾಗವೇ ಇಲ್ಲ: ಅಂದಳು, ಅಂದ, ಅಂದರು, ಯಾವುದಾದರೂ ಒಂದು. 'ತಾಯಿ ಅಂದಳು, ಚೌಧರಿಯವರು ಅಂದರು' ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಮೂಲದಲ್ಲಿ ಇಲ್ಲದ ಈ ಮೇಲುಕೀಳು ಎಲ್ಲಿಂದ ಬಂತು? ನಮ್ಮ ಊರಿನಿಂದ ಬಂತು. ಪಾತ್ರಗಳ ಬಾಯಲ್ಲಿ ಮೇಲುಕೀಳು ಇದ್ದರೆ ಅದು ಅಲ್ಲಿರಲಿ, ಅದೇ ಸಾಕ್ಷ್ಯ. ಅದನ್ನು ತಿದ್ದುವ ಹಕ್ಕು ನಮಗಿಲ್ಲ. ನಿರೂಪಣೆಯ ವಾಕ್ಯಗಳು ಮಾತ್ರ ನಮ್ಮ ಜವಾಬ್ದಾರಿ. ಅಲ್ಲಿ ತಾಯಿ 'ಅಂದಳು' ಆದರೆ ಧಣಿ 'ಅಂದ' ಆಗಲಿ. ಕರಡು ಮುಗಿದ ಮೇಲೆ ಸಂಭಾಷಣೆಗಳನ್ನು ಬಿಟ್ಟು ಬರೀ 'ಅಂದರು'ಗಳಿಗೆ ಗೆರೆ ಎಳೆಯುತ್ತ ಹೋಗಿ, ಅವು ಯಾರ ಹೆಸರಿನ ಮುಂದೆ ನಿಂತಿವೆ ಎಂದು ಎಣಿಸಿ.