ಕಣ್ಣು ಮುಚ್ಚಿದಾಗ ಏಳುವ ಅಲೆ

ಅರಿವಿನ ನರವಿಜ್ಞಾನದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಲಿದ್ದ ಬಿ.ಎಸ್ಸಿ. ಹುಡುಗಿಯೊಬ್ಬಳು ತನ್ನ ಉದ್ದೇಶ ಪತ್ರವನ್ನು ನನಗೆ ತೋರಿಸಿದಳು. ಅದರಲ್ಲೊಂದು ಚಿಕ್ಕ ಇಇಜಿ ಪ್ರಯೋಗ: ಹತ್ತು ಗೆಳತಿಯರ ತಲೆಯ ಹಿಂಭಾಗಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಎರಡು ನಿಮಿಷ ಕಣ್ಣು ತೆರೆದು, ಎರಡು ನಿಮಿಷ ಮುಚ್ಚಿ ದಾಖಲಿಸಿದ್ದಳು. ಕಣ್ಣು ಮುಚ್ಚಿದೊಡನೆ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಅಲೆ ಜೋರಾಗುತ್ತದೆ. ಹಾನ್ಸ್ ಬರ್ಗರ್ 1929ರಲ್ಲೇ ಈ ಅಲೆಯನ್ನು ವರದಿ ಮಾಡಿದ್ದರು.

‘ಎಲ್ಲರಲ್ಲೂ ಕಂಡಿತು’ ಎಂದು ಬರೆದಿದ್ದಳು. ಕೆದಕಿ ಕೇಳಿದರೆ, ಇಬ್ಬರಲ್ಲಿ ಕಂಡಿರಲಿಲ್ಲ. ಒಬ್ಬಳದು ಎಣ್ಣೆ ಹಚ್ಚಿದ ತಲೆ. ಎಲೆಕ್ಟ್ರೋಡ್ ಸರಿಯಾಗಿ ತಾಗದೆ ಕರೆಂಟಿನ 50 ಹರ್ಟ್ಸ್ ಗದ್ದಲ ನುಗ್ಗಿತ್ತು. ಇನ್ನೊಬ್ಬಳ ದಾಖಲೆ ಸ್ವಚ್ಛವಾಗಿತ್ತು, ಆದರೂ ಅಲೆಯಿಲ್ಲ. ಕೆಲವು ಆರೋಗ್ಯವಂತರಲ್ಲೂ ಅದು ಸ್ಪಷ್ಟವಾಗಿ ಕಾಣುವುದಿಲ್ಲ.

ಇದನ್ನೇ ಬರೆಯಮ್ಮ ಎಂದೆ. ಬರೆದಳು. ಪತ್ರದಲ್ಲಿ ಅತ್ಯಂತ ಗಟ್ಟಿಯಾದ ಭಾಗ ಅದೇ.